ಐದು ವರ್ಷದ ಅನುಭವವನ್ನು ಎರಡು ನಿಮಿಷದಲ್ಲಿ ಹೇಳುವುದು: ಸೀನಿಯರ್ ಹುದ್ದೆಗೆ ಹೊರಟ ಡೆವಲಪರ್‌ಗಳಿಗೊಂದು ಮಾರ್ಗದರ್ಶಿ

ನಾಲ್ಕೈದು ವರ್ಷ ಕೋಡ್ ಬರೆದು ಈಗ ಸೀನಿಯರ್ ಡೆವಲಪರ್ ಹುದ್ದೆಗೆ ಅರ್ಜಿ ಹಾಕುತ್ತಿರುವ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ಸಂದರ್ಶನದ ಆರಂಭದಲ್ಲಿ 'ನಿಮ್ಮ ಬಗ್ಗೆ ಹೇಳಿ' ಎಂದಾಗ ಏನು ಹೇಳಬೇಕು, ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು? ಕೆಲಸಕ್ಕೆ ಹೊಸಬರಾಗಿದ್ದಾಗ ಕಲಿತ ಪರಿಚಯವನ್ನೇ ಸ್ವಲ್ಪ ಉದ್ದ ಮಾಡಿ ಹೇಳುವವರೇ ಹೆಚ್ಚು. ಹೆಸರು, ಊರು, ಕಾಲೇಜು, ಅಂಕ, ಕಂಪನಿಗಳು, ಗೊತ್ತಿರುವ ತಂತ್ರಜ್ಞಾನಗಳ ಪಟ್ಟಿ ಎಂದು ಅದು ಸಾಗುತ್ತದೆ. ಇದರಲ್ಲಿ ಸುಳ್ಳೇನೂ ಇಲ್ಲ, ಆದರೆ ರೆಸ್ಯುಮೆಯಲ್ಲಿ ಇಲ್ಲದ್ದೂ ಏನೂ ಇಲ್ಲ.

ಸಂದರ್ಶಕರು ಆ ಎರಡು ನಿಮಿಷದಲ್ಲಿ ಮಾಡುತ್ತಿರುವುದೇನು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಅನೇಕ ವೇಳೆ ಅವರು ಹಿಂದಿನ ಮೀಟಿಂಗ್ ಮುಗಿಸಿ ಆಗಷ್ಟೇ ನಿಮ್ಮ ರೆಸ್ಯುಮೆ ತೆರೆದಿರುತ್ತಾರೆ. ನೀವು ಮಾತನಾಡುತ್ತಿರುವಾಗ ಅವರು ಅದರ ಮೇಲೆ ಕಣ್ಣಾಡಿಸುತ್ತ, ಮುಂದಿನ ಪ್ರಶ್ನೆಯನ್ನು ಎಲ್ಲಿಂದ ಎತ್ತಿಕೊಳ್ಳಲಿ ಎಂದು ಹುಡುಕುತ್ತಿರುತ್ತಾರೆ. ನೀವು ಹತ್ತು ತಂತ್ರಜ್ಞಾನಗಳ ಹೆಸರು ಹೇಳಿದರೆ ಅವರು ಅವುಗಳಲ್ಲಿ ಒಂದನ್ನು ಹಿಡಿದುಕೊಳ್ಳುತ್ತಾರೆ, ಅದು ನಿಮಗೆ ಕಡಿಮೆ ಗೊತ್ತಿರುವುದೇ ಆಗಿರಬಹುದು. ಅದರ ಬದಲು ನೀವೇ ನಿರ್ಧಾರ ತೆಗೆದುಕೊಂಡ ಒಂದು ಸಮಸ್ಯೆಯನ್ನು ಸ್ಪಷ್ಟವಾಗಿ ಹೇಳಿದರೆ ಪ್ರಶ್ನೆ ಬಹುಪಾಲು ಅಲ್ಲಿಂದಲೇ ಏಳುತ್ತದೆ. ಸೀನಿಯರ್ ಹುದ್ದೆಗೆ ಅವರು ಅಳೆಯಬೇಕಾಗಿರುವುದೂ ಅದನ್ನೇ: ಕೊಟ್ಟ ಕೆಲಸ ಮುಗಿಸುವವರೋ, ಕೊಟ್ಟ ಸಮಸ್ಯೆಗೆ ಯಾವ ಕೆಲಸ ಮಾಡಬೇಕೆಂದು ತೀರ್ಮಾನಿಸುವವರೋ.

ಇದಕ್ಕೆ ಬೇಕಾಗುವುದು ನಿಮ್ಮ ರೆಸ್ಯುಮೆ, ಹುದ್ದೆಯ ವಿವರಣೆ, ಧ್ವನಿಮುದ್ರಣಕ್ಕೆ ಒಂದು ಫೋನು, ಒಂದು ಹಾಳೆ ಮತ್ತು ಎರಡು ಸಂಜೆಗಳ ಸಮಯ. ಮುಂದಿನ ಹಂತಗಳನ್ನು ವಿವರಿಸಲು ಚೈತ್ರಾ ಎಂಬ ಕಾಲ್ಪನಿಕ ಅಭ್ಯರ್ಥಿಯೊಬ್ಬರನ್ನು ಇಟ್ಟುಕೊಳ್ಳೋಣ. ಅವರು ದಾವಣಗೆರೆಯಲ್ಲಿ ಬಿ.ಇ. ಮುಗಿಸಿ, ಮೈಸೂರಿನ ಸರ್ವೀಸ್ ಕಂಪನಿಯೊಂದರಲ್ಲಿ ಎರಡು ವರ್ಷ ಕೆಲಸ ಮಾಡಿ, ಈಗ ಮೂರು ವರ್ಷಗಳಿಂದ ಬೆಂಗಳೂರಿನಲ್ಲಿ ಶಾಲಾ ಶುಲ್ಕವನ್ನು ಆನ್‌ಲೈನಿನಲ್ಲಿ ಸಂಗ್ರಹಿಸಿಕೊಡುವ ಕಂಪನಿಯಲ್ಲಿ ಬ್ಯಾಕೆಂಡ್ ಡೆವಲಪರ್ ಆಗಿದ್ದಾರೆ. ಅವರ ಅಂಕಿಗಳೂ ಉದಾಹರಣೆಗಾಗಿ ಮಾತ್ರ.

1. ಕೇಳುವವರು ಯಾರೆಂದು ತಿಳಿದುಕೊಳ್ಳಿ

ಸಂದರ್ಶನದ ಆಹ್ವಾನದಲ್ಲಿ ಇದು ಯಾವ ಸುತ್ತು ಎಂದು ಬರೆದಿರದಿದ್ದರೆ ರಿಕ್ರೂಟರ್ ಅವರನ್ನೇ ಕೇಳಿ, ಇದರಲ್ಲಿ ಸಂಕೋಚಪಡುವಂಥದ್ದೇನಿಲ್ಲ. ಎದುರಿಗಿರುವವರು ಎಚ್.ಆರ್. ಆಗಿದ್ದರೆ ನಡುವಿನ ತಾಂತ್ರಿಕ ಭಾಗವನ್ನು ಜನಸಾಮಾನ್ಯರ ಮಾತಿನಲ್ಲಿ ಹೇಳಬೇಕಾಗುತ್ತದೆ; ಎಂಜಿನಿಯರ್ ಆಗಿದ್ದರೆ ತಾಂತ್ರಿಕ ಪದಗಳನ್ನೇ ಬಳಸಬಹುದು. ಹಂದರ ಒಂದೇ, ಮೇಲಿನ ಪದಗಳಷ್ಟೇ ಬೇರೆ. ಸಂಬಳ, ನೋಟಿಸ್ ಅವಧಿ, ಕೆಲಸ ಬಿಡುವ ಕಾರಣ ಇವು ಯಾವ ಸುತ್ತಿನ ಪರಿಚಯಕ್ಕೂ ಸೇರುವುದಿಲ್ಲ. ಅವರು ಕೇಳಿದಾಗ ಹೇಳಿದರೆ ಸಾಕು.

2. ಒಂದೇ ಒಂದು ಸಮಸ್ಯೆಯನ್ನು ಆರಿಸಿಕೊಳ್ಳಿ

ಅತಿ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಎರಡು ವರ್ಷದ ಹಿಂದೆ ಮಾಡಿದ್ದು ನೆನಪಿನಲ್ಲಿ ಉಳಿದಿರುವುದಿಲ್ಲ, ಆದ್ದರಿಂದ ನೆನಪನ್ನು ಕೆದಕಲು ನಿಮ್ಮದೇ ಕಮಿಟ್‌ಗಳ ಪಟ್ಟಿಯನ್ನು ಕಂಪನಿಯ ಕಂಪ್ಯೂಟರಿನಲ್ಲೇ ಒಮ್ಮೆ ನೋಡಿ. ಅಲ್ಲಿಂದ ಏನನ್ನೂ ನಕಲು ಮಾಡಿಕೊಂಡು ಹೊರಗೆ ತರಬೇಡಿ.

```
git log --author="$(git config user.name)" --since="2 years ago" --oneline
```

ಒಂದು ಎಚ್ಚರಿಕೆ. ಕಮಿಟ್‌ಗಳಲ್ಲಿ ನೀವು ಕಟ್ಟಿದ್ದು ಕಾಣುತ್ತದೆಯೇ ಹೊರತು ನೀವು ತೀರ್ಮಾನಿಸಿದ್ದು ಅಷ್ಟಾಗಿ ಕಾಣುವುದಿಲ್ಲ. ಬೇಡವೆಂದು ನೀವು ವಾದಿಸಿ ನಿಲ್ಲಿಸಿದ ಕೆಲಸಕ್ಕೆ ಕಮಿಟ್ಟೇ ಇರುವುದಿಲ್ಲ. ಹಾಗಾಗಿ ನೀವು ಬರೆದ ಡಿಸೈನ್ ಟಿಪ್ಪಣಿಗಳು, ಕೋಡ್ ರಿವ್ಯೂನಲ್ಲಿ ಉದ್ದವಾಗಿ ನಡೆದ ಚರ್ಚೆಗಳು, ಸಿಸ್ಟಂ ಕೆಟ್ಟು ನಿಂತ ದಿನದ ನಂತರ ಬರೆದ ವರದಿಗಳು ಇವನ್ನೂ ನೋಡಿ. ಸೀನಿಯರ್ ಹುದ್ದೆಗೆ ಬೇಕಾದ ಸರಕು ಅಲ್ಲೇ ಹೆಚ್ಚು.

ಹೀಗೆ ಹುಡುಕಿದಾಗ ಚೈತ್ರಾ ಅವರಿಗೆ ಮೂರು ಕೆಲಸಗಳು ಸಿಕ್ಕವು. ಮೊದಲನೆಯದು 40 ಎಪಿಐಗಳನ್ನು ಸ್ಪ್ರಿಂಗ್ ಬೂಟ್‌ನ ಹೊಸ ಆವೃತ್ತಿಗೆ ಬದಲಾಯಿಸಿದ್ದು. ನಾಲ್ಕು ತಿಂಗಳು ಹಿಡಿದ ಕೆಲಸವಾದ್ದರಿಂದ ಅದನ್ನೇ ಹೇಳಬೇಕೆಂದು ಅವರಿಗೆ ಮೊದಲು ಅನ್ನಿಸಿತ್ತು. ಆದರೆ ಬದಲಾಯಿಸಬೇಕೆಂದು ತೀರ್ಮಾನಿಸಿದವರು ಬೇರೆಯವರು, ದಾರಿಯೂ ಒಂದೇ ಇತ್ತು. ಎರಡನೆಯದು ಶಾಲೆಗಳ ಆಡಳಿತದವರಿಗೆ ಮಾಡಿಕೊಟ್ಟ ವರದಿ ಪುಟ. ಅದು ಎಲ್ಲರ ಕಣ್ಣಿಗೆ ಬಿದ್ದಿತ್ತು, ಆದರೆ ಅದರಲ್ಲೂ ಆಯ್ಕೆಯ ಪ್ರಶ್ನೆ ಇರಲಿಲ್ಲ. ಮೂರನೆಯದು ಮೂರೇ ವಾರದ ಕೆಲಸ: ಒಂದೇ ಪಾವತಿಗೆ ಎರಡು ರಸೀದಿ ಹುಟ್ಟುತ್ತಿದ್ದುದನ್ನು ನಿಲ್ಲಿಸಿದ್ದು. ಇಲ್ಲಿ ದಾರಿಗಳು ಒಂದಕ್ಕಿಂತ ಹೆಚ್ಚಿದ್ದವು, ಆರಿಸಿದವರು ಚೈತ್ರಾ, ಫಲ ಕಂಪನಿಯ ಹೊರಗಿನವರಿಗೂ ತಿಳಿಯಿತು, ಇದರ ಬಗ್ಗೆ ಇಪ್ಪತ್ತು ನಿಮಿಷ ಪ್ರಶ್ನೆ ಕೇಳಿದರೂ ಅವರು ಉತ್ತರಿಸಬಲ್ಲರು. ದೊಡ್ಡ ಕೆಲಸವನ್ನು ಬಿಟ್ಟು ಈ ಸಣ್ಣದನ್ನೇ ಆರಿಸಿಕೊಳ್ಳುವುದು ಸರಿ.

ಆ ಸಮಸ್ಯೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಪರಿಚಯದ ನಡುವಿನ ಒಂದು ನಿಮಿಷ ಇದರಿಂದಲೇ ಹುಟ್ಟಬೇಕು. ಪೋಷಕರು ಶುಲ್ಕ ಕಟ್ಟಿದ ಕೂಡಲೇ ಪೇಮೆಂಟ್ ಗೇಟ್‌ವೇ ಕಂಪನಿಯ ಸರ್ವರಿಗೆ ತಾನಾಗಿ ಒಂದು ಸಂದೇಶ ಕಳುಹಿಸುತ್ತದೆ. ಇದಕ್ಕೆ ವೆಬ್‌ಹುಕ್ ಎನ್ನುತ್ತಾರೆ. ನಿಗದಿತ ಸಮಯದೊಳಗೆ ಸರ್ವರ್ 'ತಲುಪಿತು' ಎಂದು ಉತ್ತರಿಸದಿದ್ದರೆ ಗೇಟ್‌ವೇ ಅದೇ ಸಂದೇಶವನ್ನು ಮತ್ತೆ ಕಳುಹಿಸುತ್ತದೆ. ಶಾಲೆಗಳು ಆರಂಭವಾಗುವ ಜೂನ್ ಹೊತ್ತಿಗೆ ಎಲ್ಲರೂ ಒಟ್ಟಿಗೆ ಶುಲ್ಕ ಕಟ್ಟುವುದರಿಂದ ಸರ್ವರ್ ನಿಧಾನವಾಗುತ್ತಿತ್ತು, ಸಂದೇಶ ಎರಡು ಸಲ ಬರುತ್ತಿತ್ತು, ರಸೀದಿ ಎರಡಾಗುತ್ತಿತ್ತು, ಶಾಲೆಯ ಲೆಕ್ಕ ತಾಳೆಯಾಗುತ್ತಿರಲಿಲ್ಲ. 'ಈ ಪಾವತಿಗೆ ರಸೀದಿ ಈಗಾಗಲೇ ಇದೆಯೇ' ಎಂದು ನೋಡಿ, ಇಲ್ಲದಿದ್ದರೆ ಮಾತ್ರ ಸೇರಿಸುವ ಕೋಡ್ ಮೊದಲೇ ಇತ್ತು. ಆದರೆ ಮೊದಲ ಸಂದೇಶ ರಸೀದಿ ಸೇರಿಸುವ ಮುನ್ನವೇ ಎರಡನೆಯದೂ ಬಂದು ನೋಡಿದರೆ ಎರಡಕ್ಕೂ 'ಇಲ್ಲ' ಎಂಬ ಉತ್ತರವೇ ಸಿಗುತ್ತದೆ, ಎರಡೂ ಸೇರಿಸುತ್ತವೆ. ಇದನ್ನು ರೇಸ್ ಕಂಡಿಷನ್ ಎನ್ನುತ್ತಾರೆ, ಎಂದರೆ ಎರಡು ಕೆಲಸಗಳು ಪರಸ್ಪರ ಗೊತ್ತಿಲ್ಲದೆ ಪೈಪೋಟಿಗೆ ಬಿದ್ದು ಫಲ ಕೆಡುವುದು.

ತಂಡದಲ್ಲಿ ಬಂದ ಸಲಹೆ ರೆಡಿಸ್‌ನಲ್ಲಿ ಲಾಕ್ ಹಾಕುವುದು, ಅಂದರೆ ಒಂದು ಸಂದೇಶದ ಕೆಲಸ ನಡೆಯುತ್ತಿರುವಾಗ ಇನ್ನೊಂದನ್ನು ಬಾಗಿಲಲ್ಲೇ ತಡೆಯುವುದು. ಲಾಕ್‌ಗೆ ಅವಧಿ ಇರುತ್ತದೆ. ಸರ್ವರ್ ನಿಧಾನವಾದಾಗ ಕೆಲಸ ಮುಗಿಯುವ ಮೊದಲೇ ಅವಧಿ ತೀರಿದರೆ ಇನ್ನೊಂದು ಸಂದೇಶ ಒಳಗೆ ಬಂದೇ ಬರುತ್ತದೆ. ನಿಧಾನವಾಗುವುದೇ ಇಲ್ಲಿನ ಮೂಲ ಕಾಯಿಲೆಯಾದ್ದರಿಂದ ಚೈತ್ರಾ ಅದನ್ನು ಒಪ್ಪದೆ, ರಸೀದಿಗಳ ಟೇಬಲ್‌ನಲ್ಲಿ ಪಾವತಿ ಸಂಖ್ಯೆಯ ಮೇಲೆ ಯೂನಿಕ್ ಇಂಡೆಕ್ಸ್ ಹಾಕಿದರು. ಒಂದೇ ಸಂಖ್ಯೆಗೆ ಎರಡನೇ ಸಾಲು ಸೇರದಂತೆ ಡೇಟಾಬೇಸೇ ತಡೆಯುವ ವ್ಯವಸ್ಥೆ ಇದು. ಜೊತೆಗೆ, ಬಂದ ಸಂದೇಶವನ್ನು ಸರದಿಯಲ್ಲಿ ಬರೆದಿಟ್ಟು ಕೂಡಲೇ ಉತ್ತರಿಸಿ, ರಸೀದಿಯ ಕೆಲಸವನ್ನು ಹಿನ್ನೆಲೆಯಲ್ಲಿ ಮಾಡುವಂತೆ ಬದಲಾಯಿಸಿದರು.

3. ಸಮಯವನ್ನು ಹಂಚಿಕೊಳ್ಳಿ

120 ಸೆಕೆಂಡಿನಲ್ಲಿ ಈಗಿನ ಕೆಲಸಕ್ಕೆ 15, ಇಲ್ಲಿಗೆ ಬಂದ ದಾರಿಗೆ 20, ಆರಿಸಿಕೊಂಡ ಸಮಸ್ಯೆಗೆ 55, ಇತರರ ಕೆಲಸದ ಮೇಲೆ ನಿಮ್ಮ ಪ್ರಭಾವಕ್ಕೆ 15, ಈ ಹುದ್ದೆಯೇ ಏಕೆ ಎಂಬುದಕ್ಕೆ 15. ಕ್ರಮವನ್ನು ಗಮನಿಸಿ, ಇಂದಿನಿಂದ ಆರಂಭವಾಗಿ ಹಿಂದಕ್ಕೆ ಹೋಗಿ ಬರಬೇಕು. ಕಾಲೇಜಿನಿಂದ ಶುರು ಮಾಡಿದವರು ಈಗಿನ ಕೆಲಸಕ್ಕೆ ಬರುವಷ್ಟರಲ್ಲಿ ಒಂದು ನಿಮಿಷ ಕಳೆದಿರುತ್ತದೆ, ಉಳಿದದ್ದನ್ನು ಓಡಿಸುತ್ತಾರೆ. ಐದು ವರ್ಷದ ನಂತರ ಕಾಲೇಜಿಗೆ ಅರ್ಧ ವಾಕ್ಯ ಸಾಕು, ಅಂಕಗಳಿಗೆ ಅದೂ ಬೇಡ.

4. ಬರೆಯಿರಿ, ಆಮೇಲೆ ಅಳಿಸಿ

ಚೈತ್ರಾ ಅವರ ಮೊದಲ ಕರಡು ಹೀಗಿತ್ತು:

> ನನ್ನ ಹೆಸರು ಚೈತ್ರಾ, ದಾವಣಗೆರೆಯವಳು. ಬಿ.ಇ.ಯಲ್ಲಿ ಡಿಸ್ಟಿಂಕ್ಷನ್ ಪಡೆದಿದ್ದೇನೆ. ನನಗೆ ಜಾವಾ, ಸ್ಪ್ರಿಂಗ್ ಬೂಟ್, ಮೈಕ್ರೋಸರ್ವೀಸಸ್, ಕಾಫ್ಕಾ, ರೆಡಿಸ್, ಡಾಕರ್, ಕುಬರ್ನೆಟಿಸ್‌ನಲ್ಲಿ ಐದು ವರ್ಷದ ಅನುಭವವಿದೆ. ನಾವು ಪೇಮೆಂಟ್ ಮಾಡ್ಯೂಲ್‌ನಲ್ಲಿ ಹಲವು ಸುಧಾರಣೆಗಳನ್ನು ಮಾಡಿದ್ದೇವೆ, ಇದರಿಂದ ಪರ್ಫಾರ್ಮೆನ್ಸ್ ಶೇ. 90ರಷ್ಟು ಹೆಚ್ಚಾಯಿತು. ನಾನು ತಂಡವನ್ನು ಮುನ್ನಡೆಸಿದ್ದೇನೆ. ಹೊಸ ಸವಾಲುಗಳನ್ನು ಎದುರುನೋಡುತ್ತಿದ್ದೇನೆ.

ಇದರ ಪ್ರತಿ ವಾಕ್ಯವೂ ಒಂದು ಅಪಾಯ. 'ಐದು ವರ್ಷದ ಅನುಭವ' ಪಟ್ಟಿಯ ಎಲ್ಲದಕ್ಕೂ ಅನ್ವಯಿಸುವಂತಿದೆ. ಕುಬರ್ನೆಟಿಸ್ ಅನ್ನು ಬೇರೆಯವರು ಸಿದ್ಧಪಡಿಸಿದ್ದ ಫೈಲ್‌ಗಳ ಮೂಲಕ ಮಾತ್ರ ಬಳಸಿದ್ದರೆ ಮೊದಲ ಪ್ರಶ್ನೆಗೇ ಸಿಕ್ಕಿಹಾಕಿಕೊಳ್ಳಬೇಕಾಗುತ್ತದೆ. 'ಶೇ. 90' ಎಂದರೆ ಯಾವುದರಲ್ಲಿ, ಎಷ್ಟರಿಂದ ಎಷ್ಟಕ್ಕೆ, ಯಾರು ಅಳೆದರು? ಬುಡವಿಲ್ಲದ ಶೇಕಡಾವಾರು ಹೇಳುವುದಕ್ಕಿಂತ ಚಿಕ್ಕ ಪೂರ್ಣ ಸಂಖ್ಯೆ ಹೇಳುವುದು ಮೇಲು. 'ತಂಡವನ್ನು ಮುನ್ನಡೆಸಿದ್ದೇನೆ' ಎಂದರೆ ಕೆಲಸ ಹಂಚಿದ್ದೇ, ರಿವ್ಯೂ ಮಾಡಿದ್ದೇ, ಅಪ್ರೈಸಲ್ ಬರೆದದ್ದೇ? ಇಬ್ಬರು ಹೊಸಬರಿಗೆ ಕಲಿಸಿದ್ದರೆ ಹಾಗೆಂದೇ ಹೇಳಬೇಕು. ಕೊನೆಯ ವಾಕ್ಯವಂತೂ ಯಾರ ಬಾಯಲ್ಲಾದರೂ ಬರಬಹುದಾದದ್ದು.

ತಿದ್ದಿದ ಮೇಲೆ ಅದು ಹೀಗಾಯಿತು. ತಾಂತ್ರಿಕ ಸುತ್ತಿಗಾಗಿ ಬರೆದದ್ದು. ಸಾವಧಾನವಾಗಿ ಹೇಳಿದರೆ ಎರಡು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ.

> ನಮಸ್ಕಾರ, ನಾನು ಚೈತ್ರಾ. ಶಾಲಾ ಶುಲ್ಕವನ್ನು ಆನ್‌ಲೈನಿನಲ್ಲಿ ಸಂಗ್ರಹಿಸುವ ಕಂಪನಿಯೊಂದರಲ್ಲಿ ಬ್ಯಾಕೆಂಡ್ ಡೆವಲಪರ್. ಪಾವತಿ ಮತ್ತು ರಸೀದಿಯ ಭಾಗವನ್ನು ನೋಡಿಕೊಳ್ಳುತ್ತೇನೆ. ಮುಖ್ಯವಾಗಿ ಜಾವಾ, ಸ್ಪ್ರಿಂಗ್ ಬೂಟ್ ಮತ್ತು ಪೋಸ್ಟ್‌ಗ್ರೆಸ್‌ನಲ್ಲಿ ಕೆಲಸ.
>
> ಇಲ್ಲಿಗೆ ಬಂದು ಮೂರು ವರ್ಷವಾಯಿತು. ಅದಕ್ಕೆ ಮೊದಲು ಎರಡು ವರ್ಷ ಮೈಸೂರಿನ ಸರ್ವೀಸ್ ಕಂಪನಿಯಲ್ಲಿದ್ದೆ. ಅಲ್ಲಿ ಬೇರೆಯವರು ಬರೆದ ಹಳೆಯ ಕೋಡನ್ನು ಓದಿ ತಪ್ಪು ಹುಡುಕುವುದನ್ನು ಕಲಿತೆ. ನಾನು ಬರೆದದ್ದು ಲೈವ್ ಆದ ಮೇಲೆ ಏನಾಗುತ್ತದೆ ಎಂಬುದನ್ನೂ ನೋಡಬೇಕೆನ್ನಿಸಿ ಪ್ರಾಡಕ್ಟ್ ಕಂಪನಿಗೆ ಬಂದೆ.
>
> ಕಳೆದ ವರ್ಷದ ಒಂದು ಕೆಲಸ ಹೇಳುತ್ತೇನೆ. ಜೂನಿನಲ್ಲಿ ಶುಲ್ಕ ಕಟ್ಟುವವರು ಹೆಚ್ಚಾದಾಗ ಒಂದೇ ಪಾವತಿಗೆ ಎರಡು ರಸೀದಿ ಬರುತ್ತಿತ್ತು. ದಿನಕ್ಕೆ ಸುಮಾರು 30 ದೂರು. ನಮ್ಮ ಸರ್ವರ್ ತಡವಾಗಿ ಉತ್ತರಿಸುತ್ತಿದ್ದುದರಿಂದ ಗೇಟ್‌ವೇ ವೆಬ್‌ಹುಕ್ ಅನ್ನು ಮತ್ತೆ ಕಳುಹಿಸುತ್ತಿದೆ ಎಂದು ಲಾಗ್‌ಗಳಿಂದ ಪತ್ತೆ ಮಾಡಿದೆ. ರೆಡಿಸ್ ಲಾಕ್ ಹಾಕೋಣ ಎಂಬ ಸಲಹೆ ಇತ್ತು. ಸರ್ವರ್ ನಿಧಾನವಾದಾಗ ಲಾಕ್‌ನ ಅವಧಿಯೇ ತೀರಿಬಿಡುತ್ತದೆ ಎಂದು ತೋರಿಸಿ, ಪಾವತಿ ಸಂಖ್ಯೆಯ ಮೇಲೆ ಯೂನಿಕ್ ಇಂಡೆಕ್ಸ್ ಹಾಕುವುದನ್ನು ಸೂಚಿಸಿದೆ. ಇದಕ್ಕಾಗಿ ಹಳೆಯ ಜೋಡಿ ರಸೀದಿಗಳನ್ನು ಮೊದಲು ತೆಗೆಯಬೇಕಿತ್ತು, ಅದಕ್ಕೇ ಎರಡು ವಾರ ಹಿಡಿಯಿತು. ಈ ಜೂನಿನಲ್ಲಿ ಇಡೀ ತಿಂಗಳಿಗೆ ಬಂದ ದೂರು 2.
>
> ಆ ಅನುಭವದ ಮೇಲೆ, ಹಣಕ್ಕೆ ಸಂಬಂಧಿಸಿದ ಕೋಡನ್ನು ರಿವ್ಯೂ ಮಾಡುವಾಗ ನೋಡಬೇಕಾದ ಅಂಶಗಳ ಪಟ್ಟಿ ಬರೆದೆ. ಈಗ ಮೂರು ತಂಡಗಳು ಅದನ್ನು ಬಳಸುತ್ತಿವೆ. ಇಬ್ಬರು ಹೊಸಬರ ಕೋಡನ್ನು ದಿನವೂ ರಿವ್ಯೂ ಮಾಡುತ್ತೇನೆ.
>
> ನಿಮ್ಮ ಹುದ್ದೆಯ ವಿವರಣೆಯಲ್ಲಿ ಮರುಪಾವತಿ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಬೇಕೆಂದಿದೆ. ಅಂಥದ್ದನ್ನು ಆರಂಭದಿಂದ ವಿನ್ಯಾಸ ಮಾಡುವ ಜವಾಬ್ದಾರಿ ನನಗೆ ಬೇಕಾಗಿದೆ, ಅದಕ್ಕೇ ಅರ್ಜಿ ಹಾಕಿದೆ.

ಎರಡು ವಾರದ ಮಾತನ್ನು ಉಳಿಸಿಕೊಂಡಿರುವುದನ್ನು ಗಮನಿಸಿ. ತನ್ನ ಆಯ್ಕೆಗೆ ತಗುಲಿದ ಬೆಲೆಯನ್ನು ತಾನೇ ಹೇಳುವುದು ಸೀನಿಯರ್ ಎಂಜಿನಿಯರ್‌ನ ಲಕ್ಷಣವೆಂದು ನನ್ನ ಎಣಿಕೆ. ಬರಿಯ ಲಾಭವನ್ನೇ ಹೇಳುವವರು ಇನ್ನೊಂದು ಬದಿಯನ್ನು ಯೋಚಿಸಿಲ್ಲವೆಂದೇ ಕೇಳುವವರಿಗೆ ಅನ್ನಿಸುತ್ತದೆ. ಸರದಿಯ ವಿಷಯವನ್ನು ಪರಿಚಯದಿಂದ ಬಿಟ್ಟಿದ್ದೂ ಬೇಕೆಂದೇ; ಅದು ಪ್ರಶ್ನೆ ಬಂದಾಗ ಹೇಳುವುದಕ್ಕೆ ಇರಲಿ. ಇನ್ನು ಗ್ರಾಹಕರ ಹೆಸರು, ದಿನದ ವಹಿವಾಟಿನ ಮೊತ್ತದಂಥ ಗೋಪ್ಯ ವಿವರಗಳನ್ನು ಹೇಳಬೇಡಿ. ಇಂದು ಹಳೆಯ ಕಂಪನಿಯ ಗುಟ್ಟು ಬಿಡುವವರು ನಾಳೆ ನಮ್ಮದನ್ನೂ ಬಿಡುತ್ತಾರೆ ಎಂದು ಎದುರಿನವರು ಎಣಿಸಬಹುದು.

5. 'ನಾವು' ಎಲ್ಲಿ, 'ನಾನು' ಎಲ್ಲಿ

'ನಾನು ಮಾಡಿದೆ' ಎನ್ನುವುದು ಜಂಭದಂತೆ ಕೇಳುತ್ತದೆಂದು ನಮ್ಮಲ್ಲಿ ಅನೇಕರು 'ನಾವು' ಎಂದುಬಿಡುತ್ತಾರೆ. ಇಂಗ್ಲಿಷಿನಲ್ಲಿ ಮಾತನಾಡುವಾಗಲೂ ಆ ಅಭ್ಯಾಸ 'ವಿ' ಆಗಿ ಮುಂದುವರಿಯುತ್ತದೆ. ವಿನಯವೇನೋ ಸರಿ, ಆದರೆ ನಿಮ್ಮ ಪಾಲು ಯಾವುದು ಎಂಬುದು ಕೇಳುವವರಿಗೆ ತಿಳಿಯುವುದಿಲ್ಲ. ತಂಡದ ಸ್ವತ್ತಿಗೆ ಮತ್ತು ತಂಡದ ಪರಿಸ್ಥಿತಿಗೆ 'ನಾವು', ನೀವು ಪತ್ತೆ ಮಾಡಿದ್ದಕ್ಕೆ, ಸೂಚಿಸಿದ್ದಕ್ಕೆ, ಬರೆದದ್ದಕ್ಕೆ 'ನಾನು' ಎಂದು ಗೆರೆ ಎಳೆದುಕೊಳ್ಳಿ. ಮೇಲಿನ ಮಾತಿನಲ್ಲಿ 'ನಮ್ಮ ಸರ್ವರ್' ಎಂದಿದೆ, 'ಪತ್ತೆ ಮಾಡಿದೆ' ಎಂದಿದೆ. ಅಂತಿಮ ಒಪ್ಪಿಗೆ ಮ್ಯಾನೇಜರ್ ಅವರದ್ದಾದ್ದರಿಂದ 'ಸೂಚಿಸಿದೆ' ಎಂದಿದೆಯೇ ಹೊರತು 'ತೀರ್ಮಾನಿಸಿದೆ' ಎಂದಿಲ್ಲ. ಇಷ್ಟು ನಿಖರವಾಗಿದ್ದರೆ 'ನಾನು' ಎಂಬುದು ಜಂಭವಾಗಿ ಕೇಳುವುದಿಲ್ಲ.

6. ಜೋರಾಗಿ ಹೇಳಿ, ಧ್ವನಿ ಮುದ್ರಿಸಿ, ಕತ್ತರಿಸಿ

ಸಂದರ್ಶನ ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ನಡೆಯುತ್ತದೆ. ವಿಷಯವನ್ನು ಕನ್ನಡದಲ್ಲಿ ಗಟ್ಟಿ ಮಾಡಿಕೊಂಡ ಮೇಲೆ ಪದಕ್ಕೆ ಪದ ಅನುವಾದಿಸಬೇಡಿ. ಹಾಳೆಯ ಮೇಲೆ ಐದು ಭಾಗಗಳಿಗೆ ಐದು ಗುರುತು ಪದಗಳನ್ನಷ್ಟೇ ಬರೆದುಕೊಂಡು (ಚೈತ್ರಾ ಬರೆದುಕೊಂಡದ್ದು: ರಸೀದಿ, ಮೈಸೂರು, ಜೂನ್, ರಿವ್ಯೂ ಪಟ್ಟಿ, ಮರುಪಾವತಿ) ನೇರವಾಗಿ ಇಂಗ್ಲಿಷಿನಲ್ಲೇ, ಚಿಕ್ಕ ವಾಕ್ಯಗಳಲ್ಲಿ ಹೇಳಿ. ನಿಧಾನವಾಗಿ ಮಾತನಾಡಿದರೆ ನಿಮಿಷಕ್ಕೆ ಸುಮಾರು 130 ಇಂಗ್ಲಿಷ್ ಪದಗಳಾಗುತ್ತವೆ, ಆದ್ದರಿಂದ ಬರೆದು ನೋಡಿದರೆ 260 ಪದ ಮೀರಬಾರದು. ಆರಂಭದ ವಾಕ್ಯದಲ್ಲಿ 'ಮೈಸೆಲ್ಫ್ ಚೈತ್ರಾ' ಎಂದಾಗಲಿ, 'ವರ್ಕಿಂಗ್ ಸಿನ್ಸ್ ಫೈವ್ ಇಯರ್ಸ್' ಎಂದಾಗಲಿ ಬಾಯಿಗೆ ಬರದಂತೆ ನೋಡಿಕೊಳ್ಳಿ. 'ಐ ಆ್ಯಮ್ ಚೈತ್ರಾ' ಮತ್ತು 'ಫಾರ್ ಫೈವ್ ಇಯರ್ಸ್' ಎಂದರಾಯಿತು.

ಮೊದಲ ಧ್ವನಿಮುದ್ರಣ ಸಾಮಾನ್ಯವಾಗಿ ಮೂರು ನಿಮಿಷ ದಾಟುತ್ತದೆ. ಆಗ ವೇಗ ಹೆಚ್ಚಿಸಬೇಡಿ, ವಾಕ್ಯ ತೆಗೆಯಿರಿ. ಕೇಳಿಸಿಕೊಳ್ಳುವಾಗ ಉಸಿರು ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿನ ವಾಕ್ಯ ಉದ್ದವಾಗಿದೆ ಎಂದರ್ಥ. ಪ್ರತಿ ಬಾರಿಯೂ ಪದಗಳು ಸ್ವಲ್ಪ ಬೇರೆಯಾಗಿ ಬರುತ್ತಿದ್ದರೆ ಒಳ್ಳೆಯದು. ಅಕ್ಷರಶಃ ಒಂದೇ ತೆರನಾಗಿ ಬರುತ್ತಿದ್ದರೆ ಅದು ಕಂಠಪಾಠವಾಗಿದೆ, ನಡುವೆ ಯಾರಾದರೂ ತಡೆದು ಪ್ರಶ್ನೆ ಕೇಳಿದರೆ ಎಲ್ಲಿ ಬಿಟ್ಟಿದ್ದೆವೆಂಬುದು ತಪ್ಪಿಹೋಗುತ್ತದೆ. ಮುಕ್ತಾಯದ ವಾಕ್ಯವೊಂದನ್ನು ಮಾತ್ರ ಗಟ್ಟಿ ಮಾಡಿಕೊಳ್ಳಿ. ಅದನ್ನು ಹೇಳಿ ಸುಮ್ಮನಾಗಬೇಕು. ವಿಡಿಯೋ ಕರೆಯಲ್ಲಿ ಎದುರಿನವರ ಉತ್ತರ ಒಂದೆರಡು ಕ್ಷಣ ತಡವಾಗಿ ಬಂದಾಗ ಗಾಬರಿಯಿಂದ 'ಮತ್ತೆ, ನನ್ನ ಹವ್ಯಾಸಗಳು...' ಎಂದು ಮುಂದುವರಿಸಿ ಕೆಡಿಸಿಕೊಳ್ಳುವವರು ಬಹಳ.

7. ಮುಂದಿನ ಪ್ರಶ್ನೆಗಳಿಗೆ ಎದುರಾಗಿ ಪರೀಕ್ಷಿಸಿ

ಸಹೋದ್ಯೋಗಿ ಸ್ನೇಹಿತರೊಬ್ಬರಿಗೆ ಪರಿಚಯವನ್ನು ಹೇಳಿ, ಅದರಿಂದ ಹುಟ್ಟುವ ಪ್ರಶ್ನೆಗಳನ್ನು ಕೇಳಲು ಹೇಳಿ. ಚೈತ್ರಾ ಅವರಿಗೆ ಮೂರು ಪ್ರಶ್ನೆಗಳು ಬಂದವು. ಹಿನ್ನೆಲೆಯ ಕೆಲಸ ನಡುವೆ ಸತ್ತುಹೋದರೆ? ಸಂದೇಶ ಸರದಿಯಲ್ಲೇ ಉಳಿದಿರುತ್ತದೆ, ಮತ್ತೆ ನಡೆಯುತ್ತದೆ, ಎರಡನೇ ರಸೀದಿಯನ್ನು ಇಂಡೆಕ್ಸ್ ತಡೆಯುತ್ತದೆ. ನಡೆಯುತ್ತಿರುವ ಸಿಸ್ಟಂನ ದೊಡ್ಡ ಟೇಬಲ್‌ಗೆ ಇಂಡೆಕ್ಸ್ ಹಾಕಿದ್ದು ಹೇಗೆ? ಬರಹಗಳನ್ನು ತಡೆಹಿಡಿಯದಂತೆ `CREATE UNIQUE INDEX CONCURRENTLY` ಬಳಸಿ. ಮೊದಲ ಪ್ರಯತ್ನದಲ್ಲಿ ಉಳಿದಿದ್ದ ಒಂದು ಜೋಡಿ ರಸೀದಿಯಿಂದ ಅದು ವಿಫಲವಾಗಿ `INVALID` ಆಗಿ ಉಳಿದ ಇಂಡೆಕ್ಸನ್ನು ಅಳಿಸಿ ಮತ್ತೆ ಹಾಕಬೇಕಾಯಿತು.

ಮೂರನೆಯದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಡೇಟಾಬೇಸೇ ತಡೆಯುತ್ತಿದ್ದ ಮೇಲೆ ಆ 2 ದೂರುಗಳಾದರೂ ಏಕೆ ಬಂದವು? ಇಂಥ ಪ್ರಶ್ನೆ ಎದುರಾದರೆ ಒಂದೋ ಹೋಗಿ ತಿಳಿದುಕೊಂಡು ಬರಬೇಕು, ಇಲ್ಲವೇ ಆ ಅಂಕಿಯನ್ನು ಪರಿಚಯದಿಂದ ತೆಗೆಯಬೇಕು. ಚೈತ್ರಾ ಮರುದಿನ ಸಪೋರ್ಟ್ ತಂಡದವರನ್ನು ಕೇಳಿದರು. ಎರಡೂ ಪ್ರಕರಣಗಳಲ್ಲಿ ತಾಯಿ ಒಂದು ಫೋನಿನಿಂದ, ತಂದೆ ಇನ್ನೊಂದು ಫೋನಿನಿಂದ ಶುಲ್ಕ ಕಟ್ಟಿದ್ದರು. ಪಾವತಿ ಸಂಖ್ಯೆಗಳೇ ಎರಡು, ರಸೀದಿಗಳೂ ನ್ಯಾಯವಾಗಿ ಎರಡು. ಅಂಕಿಯನ್ನು ಅವರು ಪರಿಚಯದಲ್ಲಿ ಹಾಗೆಯೇ ಉಳಿಸಿಕೊಂಡರು.